ಹಿಂದುಮುಂದಾಗಿ, ಓರೆಯಾಗಿ ಅಡಗಿದ ಪದ ಹಿಡಿಯುವುದು ಹೇಗೆ? ಶಿವಮೊಗ್ಗದ ಒಂದು ಅಕ್ಷರಚೌಕ ಬಿಡಿಸುತ್ತಾ ಕಲಿಯೋಣ

ಅಕ್ಷರಚೌಕದಲ್ಲಿ ಪದ ಹುಡುಕುವ ಆಟ ಆಡುವವರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಪಟ್ಟಿಯಲ್ಲಿರುವ ಅರ್ಧ ಪದಗಳು ಬೇಗ ಸಿಗುತ್ತವೆ. ಉಳಿದವು ಎಷ್ಟು ನೋಡಿದರೂ ಕಣ್ಣಿಗೆ ಬೀಳುವುದಿಲ್ಲ. ಏನು ಮಾಡೋದು?" ಹಾಗೆ ಉಳಿಯುವ ಪದಗಳು ಯಾವುವು ಅಂತ ನೋಡಿದರೆ, ಬಹುಪಾಲು ಬಲದಿಂದ ಎಡಕ್ಕೆ, ಕೆಳಗಿನಿಂದ ಮೇಲಕ್ಕೆ ಅಥವಾ ಮೂಲೆಯಿಂದ ಮೂಲೆಗೆ ಬರೆದಿರುವಂಥವೇ.

ಕಾರಣ ಸುಲಭ. ನಮ್ಮ ಕಣ್ಣು ಎಡದಿಂದ ಬಲಕ್ಕೆ ಓದಿ ಪಳಗಿದೆ. "ಸಾಗರ" ಅಂತ ನೆಟ್ಟಗೆ ಬರೆದಿದ್ದರೆ ಹುಡುಕುವ ಕೆಲಸವೇ ಇಲ್ಲ, ಅದು ತಾನಾಗೇ ಓದಿಸಿಕೊಳ್ಳುತ್ತದೆ. "ರಗಸಾ" ಅಂತ ಇದ್ದರೆ ಕಣ್ಣು ಅದರ ಮೇಲೇ ಹಾದುಹೋಗುತ್ತದೆ, ನಿಲ್ಲುವುದಿಲ್ಲ. ಹಾಗಾಗಿ ತಿರುಗಿಸಿದ ಪದಗಳಿಗೆ ಓದುವುದನ್ನು ಬಿಟ್ಟು ಬೇರೆ ದಾರಿ ಹಿಡಿಯಬೇಕು. ಒಂದು ಅಕ್ಷರ ಹಿಡಿದು, ಅದರ ಪಕ್ಕದ ಮನೆ ನೋಡಿ, ಹೌದೋ ಅಲ್ಲವೋ ಅಂತ ತೀರ್ಮಾನಿಸುತ್ತಾ ಹೋಗಬೇಕು. ಕನ್ನಡದ ಚೌಕದಲ್ಲಿ ಈ ಕೆಲಸಕ್ಕೆ ನಮ್ಮ ಲಿಪಿಯೇ ಒಳ್ಳೆಯ ಸಹಾಯ ಮಾಡುತ್ತದೆ. ಇಂಗ್ಲಿಷ್ ಚೌಕಗಳಿಗೆ ಹೇಳಿಕೊಡುವ ಉಪಾಯಗಳಲ್ಲಿ ಇದು ಸಿಗುವುದಿಲ್ಲ. ಅದಕ್ಕೇ ಈ ಬರಹ.

ಏನೇನು ಬೇಕು

ಒಂದು ಪೆನ್ಸಿಲ್, ಒಂದು ಸ್ಕೇಲು, ಪಕ್ಕದಲ್ಲಿ ಒಂದು ಖಾಲಿ ಹಾಳೆ. ಸ್ಕೇಲ್ ಇಲ್ಲದಿದ್ದರೆ ನೆಟ್ಟಗಿನ ಅಂಚಿರುವ ಲಗ್ನಪತ್ರಿಕೆಯೂ ಆದೀತು. ಜೊತೆಗೆ ಒಳ್ಳೆಯ ಬೆಳಕು. ಇದನ್ನು ಸುಮ್ನೆ ಹೇಳುತ್ತಿಲ್ಲ. ಕನ್ನಡದಲ್ಲಿ ಒತ್ತಕ್ಷರ ಅಕ್ಷರದ ಕೆಳಗೆ ಸಣ್ಣದಾಗಿ ಕೂತಿರುತ್ತದೆ. ಮಳೆಗಾಲದ ಮಲೆನಾಡಿನ ಮನೆಯೊಳಗಿನ ಮಬ್ಬಿನಲ್ಲಿ "ದ್ರಾ" ಯಾವುದು, "ದ್ದಾ" ಯಾವುದು ಅಂತ ಗೊತ್ತಾಗುವುದು ಕಷ್ಟ. ದೀಪ ಹಾಕಿಕೊಂಡೇ ಕೂರಿ.

ಮುಂದೆ ಬಳಸುವ ನಾಲ್ಕು ಮಾತುಗಳ ಅರ್ಥ ಮೊದಲೇ ಹೇಳಿಬಿಡುತ್ತೇನೆ. ಒಂದು ಅಕ್ಷರ ಇರುವ ಚೌಕಕ್ಕೆ ಮನೆ ಅನ್ನೋಣ. ಎಡದಿಂದ ಬಲಕ್ಕೆ ಇರುವ ಸಾಲು ಅಡ್ಡಸಾಲು, ಮೇಲಿನಿಂದ ಕೆಳಕ್ಕೆ ಇರುವುದು ಕಂಬಸಾಲು. ಚೆಸ್ಸಿನ ಒಂಟೆ ನಡೆಯುವ ಹಾಗೆ ಮೂಲೆಯಿಂದ ಮೂಲೆಗೆ ಹೋಗುವುದು ಓರೆಸಾಲು. ಮನೆಯ ವಿಳಾಸವನ್ನು 4-7 ಅಂತ ಬರೆಯುತ್ತೇನೆ. ಅಂದರೆ 4ನೇ ಅಡ್ಡಸಾಲು, 7ನೇ ಕಂಬಸಾಲು.

ನಮ್ಮ ಚೌಕ

ಶಿವಮೊಗ್ಗ ಜಿಲ್ಲೆಯ ಏಳು ತಾಲ್ಲೂಕುಗಳನ್ನೂ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯನ್ನೂ ಇದರಲ್ಲಿ ಅಡಗಿಸಿದ್ದೇನೆ. ಎಡದಿಂದ ಬಲಕ್ಕೆ ನೆಟ್ಟಗೆ ಒಂದು ಪದವೂ ಇಲ್ಲ, ಬೇಕೆಂದೇ ಹಾಗೆ ಮಾಡಿದೆ.

ಹುಡುಕಬೇಕಾದ ಪದಗಳು: ಶಿವಮೊಗ್ಗ, ಭದ್ರಾವತಿ, ಸಾಗರ, ಸೊರಬ, ಶಿಕಾರಿಪುರ, ಹೊಸನಗರ, ತೀರ್ಥಹಳ್ಳಿ, ಆಗುಂಬೆ.

| | 1 | 2 | 3 | 4 | 5 | 6 | 7 | 8 |
|---|---|---|---|---|---|---|---|---|
| 1 | ಕಾ | ತಿ | ಗ್ಗ | ಮೊ | ವ | ಶಿ | ನ | ಬ |
| 2 | ಬೆ | ಹೊ | ಸ | ತಿ | ಗ | ದ್ರಾ | ರ | ಹ |
| 3 | ಗುಂ | ನ | ರ | ಬ | ಕಾ | ಮ | ಸಾ | ರ |
| 4 | ಆ | ವ | ರ | ಗ | ಸಾ | ಹ | ತೀ | ಪು |
| 5 | ಭ | ಸೊ | ತಿ | ಮ | ನ | ರ್ಥ | ಗ | ರಿ |
| 6 | ರ | ದ್ರಾ | ಸಾ | ಗ | ಹ | ಸ | ನ | ಕಾ |
| 7 | ಕಾ | ಗ | ವ | ಳ್ಳಿ | ಬ | ರಿ | ಹೊ | ಶಿ |
| 8 | ಸ | ಪು | ನ | ತಿ | ರ | ವ | ಮ | ಗ |

ಕೆಳಗೆ ಓದುವ ಮೊದಲು ಒಂದು ಹತ್ತು ನಿಮಿಷ ನೀವೇ ಪ್ರಯತ್ನಿಸಿ. ಯಾವ ಪದದಲ್ಲಿ ಸಿಕ್ಕಿಬಿದ್ದಿರಿ ಅಂತ ಗೊತ್ತಿದ್ದರೆ ಮುಂದಿನದು ಚೆನ್ನಾಗಿ ತಲೆಗೆ ಹೋಗುತ್ತದೆ.

ಹಂತ 1: ಪದವನ್ನು ಮನೆಮನೆಯಾಗಿ ಒಡೆದು ಬರೆಯಿರಿ

ಕನ್ನಡದ ಚೌಕದಲ್ಲಿ ಒಂದು ಮನೆಗೆ ಒಂದು ಪೂರ್ತಿ ಅಕ್ಷರ. ಗುಣಿತದ ಗುರುತು, ಒತ್ತು, ಸೊನ್ನೆ ಎಲ್ಲವೂ ಆ ಅಕ್ಷರದ ಜೊತೆಗೇ ಇರುತ್ತವೆ. ಹಾಳೆಯ ಮೇಲೆ ಹೀಗೆ ಬರೆದುಕೊಳ್ಳಿ:

ಶಿ–ವ–ಮೊ–ಗ್ಗ
ಭ–ದ್ರಾ–ವ–ತಿ
ಹೊ–ಸ–ನ–ಗ–ರ
ತೀ–ರ್ಥ–ಹ–ಳ್ಳಿ
ಆ–ಗುಂ–ಬೆ

ಉಳಿದ ಮೂರನ್ನೂ ಹೀಗೇ ಒಡೆಯಿರಿ. ಎರಡು ಕಡೆ ಜನ ತಪ್ಪುತ್ತಾರೆ. ಮೊದಲನೆಯದು ಅರ್ಕಾವತ್ತು. "ತೀರ್ಥ" ಅನ್ನುವಾಗ ಬಾಯಲ್ಲಿ "ತೀರ್" ಒಂದು ಕಡೆ, "ಥ" ಒಂದು ಕಡೆ ಆಗುತ್ತದೆ. ಬರವಣಿಗೆಯಲ್ಲಿ ಆ ರಕಾರ "ಥ" ಜೊತೆ ಸೇರಿ "ರ್ಥ" ಅಂತ ಒಂದೇ ಮನೆಯಲ್ಲಿ ಕೂರುತ್ತದೆ. ಎರಡನೆಯದು ಸೊನ್ನೆ. "ಆಗುಂಬೆ"ಯನ್ನು ಹಿಂದಿನಿಂದ ಹೇಳಿ ಅಂದರೆ ಎಷ್ಟೋ ಜನ "ಬೆಂಗುಆ" ಅನ್ನುತ್ತಾರೆ. ಸೊನ್ನೆ ಯಾವತ್ತೂ ತನ್ನ ಅಕ್ಷರ ಬಿಟ್ಟು ಹೋಗುವುದಿಲ್ಲ. ಸರಿಯಾದದ್ದು ಬೆ–ಗುಂ–ಆ.

ಹಿಂದುಮುಂದು ಮಾಡುವುದನ್ನು ಬಾಯಲ್ಲಿ ಮಾಡಬೇಡಿ, ಕೈಯಲ್ಲಿ ಬರೆದು ಮಾಡಿ. ಪ್ರತಿ ಪದದ ಪಕ್ಕದಲ್ಲೇ ತಿರುಗಿಸಿದ ರೂಪ ಬರೆದಿಟ್ಟುಕೊಂಡರೆ, ಬಲದಿಂದ ಎಡಕ್ಕೆ ಇರುವ ಪದವನ್ನೂ ಕಣ್ಣು ಎಡದಿಂದ ಬಲಕ್ಕೇ ಹುಡುಕಬಹುದು: ಗ್ಗ–ಮೊ–ವ–ಶಿ. ಅದಕ್ಕೆ ಅರ್ಥ ಇಲ್ಲದಿದ್ದರೂ ಪರವಾಗಿಲ್ಲ, ಆಕಾರ ನೆನಪಿದ್ದರೆ ಸಾಕು. ಗದಗ, ಜಲಜ, ಕಿಟಕಿ ತರಹದ ಪದಗಳು ಪಟ್ಟಿಯಲ್ಲಿದ್ದರೆ ಅಷ್ಟೂ ಬೇಕಿಲ್ಲ. ಎರಡು ಕಡೆಯಿಂದಲೂ ಒಂದೇ ಥರ ಇರುತ್ತವೆ.

ಹಂತ 2: ಮೊದಲ ಅಕ್ಷರದ ಹಿಂದೆ ಬೀಳಬೇಡಿ, ಅಪರೂಪದ ಅಕ್ಷರ ಹಿಡಿಯಿರಿ

ನನ್ನ ಪ್ರಕಾರ ಇಡೀ ಆಟದಲ್ಲಿ ಜಾಸ್ತಿ ಫಲ ಕೊಡುವ ಹಂತ ಇದೇ.

ಎಲ್ಲರೂ ಪದದ ಮೊದಲ ಅಕ್ಷರದಿಂದ ಶುರು ಮಾಡುತ್ತಾರೆ. ಚೌಕ ಮಾಡುವವರಿಗೂ ಇದು ಗೊತ್ತು. ಅದಕ್ಕೇ ಮೋಸದ ಜಾಗಗಳನ್ನು ಪದದ ಆರಂಭದಿಂದಲೇ ಕಟ್ಟುತ್ತಾರೆ. ಮೇಲಿನ ಚೌಕದಲ್ಲಿ 2ನೇ ಅಡ್ಡಸಾಲು ನೋಡಿ. "ಹೊ–ಸ" ಅಂತ ನೆಟ್ಟಗೆ ಶುರುವಾಗುತ್ತದೆ, ಮುಂದಿನ ಮನೆಯಲ್ಲಿ "ತಿ" ಬಂದು ಕೈ ಕೊಡುತ್ತದೆ. 6ನೇ ಸಾಲಿನಲ್ಲಿ "ಸಾ–ಗ" ಇದೆ, ಆಮೇಲೆ "ಹ". ಇಂಥ ಕಡೆ ಕಣ್ಣು ಎರಡೆರಡು ಸಲ ಹೋಗಿ ನಿಲ್ಲುತ್ತದೆ, ನಿಜವಾದ ಜಾಗ ಪಕ್ಕದಲ್ಲೇ ಇದ್ದರೂ ಕಾಣುವುದಿಲ್ಲ.

ಅದರ ಬದಲು ಪದದ ಯಾವ ಅಕ್ಷರ ಚೌಕದಲ್ಲಿ ಎಲ್ಲಕ್ಕಿಂತ ಕಡಿಮೆ ಇದೆ ಅಂತ ಕೇಳಿಕೊಳ್ಳಿ. ಅದನ್ನು ಗುರುತಿನ ಅಕ್ಷರ ಅನ್ನೋಣ. ಇಂಗ್ಲಿಷ್‌ನಲ್ಲಿ ಇರುವುದೇ 26 ಅಕ್ಷರ, ಕ್ಯೂ ಅಥವಾ ಝಡ್ ಇರುವ ಪದ ಸಿಕ್ಕರೆ ಅದೃಷ್ಟ. ನಮ್ಮಲ್ಲಿ ಗುಣಿತ, ಒತ್ತು ಸೇರಿ ನೂರಾರು ಬಗೆಯ ಅಕ್ಷರಗಳಾಗುತ್ತವೆ. ಹಾಗಾಗಿ ಹೆಚ್ಚುಕಮ್ಮಿ ಪ್ರತಿ ಪದದಲ್ಲೂ ಒಂದು ಅಪರೂಪದ ಅಕ್ಷರ ಸಿಗುತ್ತದೆ. ಹುಡುಕುವ ಕ್ರಮ ಹೀಗಿರಲಿ. ಮೊದಲು ಒತ್ತಕ್ಷರ (ಗ್ಗ, ದ್ರಾ, ರ್ಥ, ಳ್ಳಿ). ಅದಿಲ್ಲದಿದ್ದರೆ ಸೊನ್ನೆ ಇರುವ ಅಕ್ಷರ ಅಥವಾ ಆ, ಇ, ಉ ತರಹದ ಬಿಡಿ ಸ್ವರ. ಅದೂ ಇಲ್ಲದಿದ್ದರೆ ಒ, ಓ, ಏ ಗುಣಿತದವು (ಮೊ, ಸೊ, ಹೊ). ಕೊನೆಗೆ ಮಹಾಪ್ರಾಣಗಳು (ಭ, ಘ, ಠ).

ನಮ್ಮ ಚೌಕದಲ್ಲಿ "ರ" ಆರು ಕಡೆ ಇದೆ, "ಗ" ಆರು ಕಡೆ ಇದೆ. "ಗ್ಗ" ಒಂದೇ, "ಳ್ಳಿ" ಒಂದೇ, "ಆ" ಒಂದೇ. ಎಲ್ಲಿಂದ ಶುರು ಮಾಡಬೇಕು ಅಂತ ಬೇರೆ ಹೇಳಬೇಕಿಲ್ಲ, ಅಲ್ವಾ?

ಹಂತ 3: ಸುತ್ತಿನ ಎಂಟು ಮನೆ ನೋಡಿ, ಮೂರು ಮನೆ ಒಪ್ಪಿದ ಮೇಲೇ ನಂಬಿ

ಭದ್ರಾವತಿ ತೆಗೆದುಕೊಳ್ಳೋಣ. ಗುರುತಿನ ಅಕ್ಷರ "ದ್ರಾ". ಅದು ಎರಡು ಕಡೆ ಇದೆ, 2-6 ಮತ್ತು 6-2.

ಮೊದಲು 2-6. ಅದರ ಸುತ್ತ ಎಂಟು ಮನೆಗಳಿವೆ. ಮೇಲಿನ ಮೂರು ವ, ಶಿ, ನ. ಎಡಕ್ಕೆ ಗ, ಬಲಕ್ಕೆ ರ. ಕೆಳಗಿನ ಮೂರು ಕಾ, ಮ, ಸಾ. "ದ್ರಾ" ಆದ ಮೇಲೆ ಬರಬೇಕಾದ "ವ" ಎಡ ಮೇಲ್ಮೂಲೆಯಲ್ಲಿ ಇದ್ದೇ ಇದೆ! ಎಷ್ಟೋ ಜನ ಇಲ್ಲೇ ಸಿಕ್ಕಿಬೀಳುತ್ತಾರೆ. ಆದರೆ "ವ" ಎಡ ಮೇಲ್ಮೂಲೆಯಲ್ಲಿದ್ದರೆ "ಭ" ಅದರ ಎದುರು ಮೂಲೆಯಲ್ಲಿ, ಅಂದರೆ ಬಲ ಕೆಳಗೆ ಇರಬೇಕು. ಅಲ್ಲಿರುವುದು "ಸಾ". ಅಷ್ಟೇ ಅಲ್ಲ, "ವ" 1ನೇ ಸಾಲಿನಲ್ಲಿದೆ, ಅದರಾಚೆ "ತಿ"ಗೆ ಜಾಗವೇ ಇಲ್ಲ. ಇದನ್ನು ಬಿಟ್ಟುಬಿಡಿ, ಮತ್ತೆ ತಿರುಗಿ ನೋಡಬೇಡಿ.

ಈಗ 6-2. ಎಡ ಮೇಲ್ಮೂಲೆ 5-1ರಲ್ಲಿ "ಭ". ಅದರ ಎದುರು ಮೂಲೆ 7-3ರಲ್ಲಿ "ವ". ಮೂರು ಮನೆ ಒಂದೇ ಗೆರೆಯಲ್ಲಿ ಒಪ್ಪಿದವು. ಒಂದು ಹೆಜ್ಜೆ ಮುಂದೆ 8-4ರಲ್ಲಿ "ತಿ". ಭದ್ರಾವತಿ ಸಿಕ್ಕಿತು, ಎಡ ಮೇಲಿನಿಂದ ಬಲ ಕೆಳಕ್ಕೆ ಓರೆಯಾಗಿ.

ಗುರುತಿನ ಅಕ್ಷರ ಪದದ ಮಧ್ಯದಲ್ಲಿದ್ದರೆ ಇದೇ ಲಾಭ. ಹಿಂದಿನ ಅಕ್ಷರ, ಮುಂದಿನ ಅಕ್ಷರ ಎರಡೂ ಎದುರುಬದುರು ಇರಲೇಬೇಕು. ಇಲ್ಲದಿದ್ದರೆ ಅಲ್ಲೇ ಮುಗಿಯಿತು. ಎರಡೇ ಅಕ್ಷರ ಹೊಂದಿದ್ದಕ್ಕೆ ಗೆರೆ ಎಳೆಯಬೇಡಿ. ಪಕ್ಕಪಕ್ಕದ ಎರಡು ಅಕ್ಷರ ಸುಮ್ನೆ ಹೊಂದಿಬಿಡುವುದು ತುಂಬ ಸಾಮಾನ್ಯ, ಒಂದೇ ಗೆರೆಯಲ್ಲಿ ಮೂರು ಹೊಂದುವುದು ಅಪರೂಪ.

ಹಂತ 4: ಪದ ಹಿಡಿಸುತ್ತದಾ ಅಂತ ಮನೆ ಎಣಿಸಿ

ಹೊಸನಗರ ಐದು ಮನೆಯ ಪದ. ಇದಕ್ಕೆ ಒತ್ತಕ್ಷರ ಇಲ್ಲ. "ಹೊ" ಎರಡು ಕಡೆ ಇದೆ, 2-2 ಮತ್ತು 7-7. ಸುತ್ತಿನ ಎಂಟು ಮನೆ ನೋಡುವ ಮೊದಲು ಒಂದು ಲೆಕ್ಕ ಹಾಕಿ. ಐದು ಮನೆ ಯಾವ ಕಡೆಗೆ ಹಿಡಿಸುತ್ತವೆ?

2-2 ಇರುವುದು ಎಡ ಮೇಲ್ಮೂಲೆಯ ಹತ್ತಿರ. ಅಲ್ಲಿಂದ ಎಡಕ್ಕೆ ಹೋದರೆ ಇನ್ನೊಂದೇ ಮನೆ, ಮೇಲಕ್ಕೂ ಇನ್ನೊಂದೇ. ಐದು ಮನೆ ಹಿಡಿಸುವುದು ಬಲಕ್ಕೆ, ಕೆಳಕ್ಕೆ, ಬಲ ಕೆಳಕ್ಕೆ ಓರೆಯಾಗಿ, ಈ ಮೂರೇ ಕಡೆ. ಕೆಳಗೆ "ನ", ಓರೆಗೆ "ರ", ಎರಡೂ ಆಗುವುದಿಲ್ಲ. ಬಲಕ್ಕೆ "ಸ" ಇದೆ, ಆಮೇಲೆ "ತಿ". ಮುಗಿಯಿತು.

7-7ರಿಂದ ಐದು ಮನೆ ಹಿಡಿಸುವುದು ಎಡಕ್ಕೆ, ಮೇಲಕ್ಕೆ, ಎಡ ಮೇಲಕ್ಕೆ ಓರೆಯಾಗಿ. ಎಡಕ್ಕೆ "ರಿ", ಮೇಲಕ್ಕೆ "ನ". ಓರೆಗೆ 6-6ರಲ್ಲಿ "ಸ", 5-5ರಲ್ಲಿ "ನ", 4-4ರಲ್ಲಿ "ಗ", 3-3ರಲ್ಲಿ "ರ". ಹೊಸನಗರ ಕೆಳಗಿನಿಂದ ಮೇಲಕ್ಕೆ, ಬಲದಿಂದ ಎಡಕ್ಕೆ ಹತ್ತಿದೆ. ಓರೆ ಮತ್ತು ಹಿಂದುಮುಂದು ಎರಡೂ ಸೇರಿದ ಇಂಥ ಪದವೇ ಎಲ್ಲರನ್ನೂ ಕೊನೆವರೆಗೆ ಕಾಡುವುದು. ಎಂಟು ದಿಕ್ಕು ನೋಡುವ ಕಡೆ ಮೂರು ನೋಡಿದರೆ ಸಾಕಾಯಿತು.

ಅದಕ್ಕೇ ಉದ್ದದ ಪದಗಳನ್ನು ಮೊದಲು ಹುಡುಕಿ ಅನ್ನುತ್ತೇನೆ. ಉದ್ದದ ಪದಕ್ಕೆ ಅಡಗಲು ಜಾಗ ಕಡಿಮೆ. ಎಂಟು ಮನೆ ಅಗಲ, ಎಂಟು ಮನೆ ಉದ್ದದ ಚೌಕದಲ್ಲಿ ಒಂದು ಕಡೆಗೆ ವಾಲಿದ ಓರೆಸಾಲುಗಳು ಒಟ್ಟು 15 ಇರುತ್ತವೆ. ಐದು ಮನೆಯ ಪದ ಹಿಡಿಸುವುದು ಅವುಗಳಲ್ಲಿ ಏಳರಲ್ಲಿ ಮಾತ್ರ. ಮೂಲೆಗಳ ಹತ್ತಿರದ ಸಣ್ಣ ಓರೆಸಾಲುಗಳನ್ನು ನೋಡುವುದೇ ಬೇಡ.

ಹಂತ 5: ಪದದ ಮೊದಲಿಗೆ ಬರದ ಅಕ್ಷರಗಳಿಂದ ದಿಕ್ಕು ಕಂಡುಹಿಡಿಯಿರಿ

ಹಿಂದುಮುಂದಾದ ಪದ ಹಿಡಿಯಲು ಕನ್ನಡಿಗರಿಗೆ ಇರುವ ದೊಡ್ಡ ಅನುಕೂಲ ಇದು. ಕೆಲವು ಅಕ್ಷರಗಳು ಕನ್ನಡ ಪದದ ಮೊದಲಲ್ಲಿ ಬರುವುದೇ ಇಲ್ಲ. ಕೆಲವು ಹೆಚ್ಚುಕಮ್ಮಿ ಮೊದಲಲ್ಲಿ ಮಾತ್ರ ಬರುತ್ತವೆ.

ಮೊದಲಲ್ಲಿ ಬರದವು: ಗ್ಗ, ಮ್ಮ, ಕ್ಕೇ, ಳ್ಳಿ ತರಹದ ತನ್ನದೇ ಒತ್ತು ಇರುವ ಅಕ್ಷರಗಳು. ರ್ಥ, ರ್ಮ ತರಹದ ಅರ್ಕಾವತ್ತಿನವು. ಜೊತೆಗೆ "ಳ" ಮತ್ತು "ಣ", ಇವುಗಳ ಗುಣಿತವೂ ಸೇರಿ. ದ್ರಾ, ಪ್ರ, ಸ್ಥ ಇವು ಈ ಗುಂಪಿಗೆ ಸೇರುವುದಿಲ್ಲ. ದ್ರಾಕ್ಷಿ, ಪ್ರವಾಹ, ಸ್ಥಳ ಅಂತ ಪದಗಳಿವೆಯಲ್ಲ.

ಮೊದಲಲ್ಲೇ ಬರುವವು: ಅ, ಆ, ಇ, ಈ, ಉ, ಎ, ಒ ಮುಂತಾದ ಬಿಡಿ ಸ್ವರಗಳು. ಪದದ ನಡುವೆ ಸ್ವರ ಬಂದರೆ ಅದು ವ್ಯಂಜನದ ಗುಣಿತವಾಗಿಬಿಡುತ್ತದೆ. ಬಿಎ, ಸಿಇಟಿ ತರಹದ ಸಂಕ್ಷಿಪ್ತ ರೂಪಗಳಲ್ಲಿ ಮಾತ್ರ ನಡುವೆ ಕಾಣಬಹುದು.

ಇದನ್ನು ಬಳಸುವುದು ಹೀಗೆ. 1ನೇ ಅಡ್ಡಸಾಲು ನೋಡಿ: ಕಾ, ತಿ, ಗ್ಗ, ಮೊ, ವ, ಶಿ, ನ, ಬ. "ಗ್ಗ" ಕಂಡ ಕೂಡಲೇ ಅದು ಪದದ ಮೊದಲಲ್ಲ ಅಂತ ಗೊತ್ತಾಯಿತು. ಪಟ್ಟಿಯಲ್ಲಿ ಗ್ಗ ಇರುವುದು ಶಿವಮೊಗ್ಗದಲ್ಲಿ ಮಾತ್ರ, ಅದೂ ಕೊನೆಗೆ. ಹಾಗಾದರೆ "ಮೊ" ಅದರ ಯಾವ ಪಕ್ಕದಲ್ಲಿದೆಯೋ ಪದ ಆ ಕಡೆಯಿಂದ ಬಂದಿದೆ. "ಮೊ" ಬಲಕ್ಕಿದೆ. ಪದ ಬಲದಿಂದ ಬಂದಿದೆ ಅಂದಮೇಲೆ ಹಿಂದುಮುಂದಾಗಿದೆ. ಇನ್ನೆರಡು ಮನೆ ಬಲಕ್ಕೆ ಎಣಿಸಿ: ವ, ಶಿ. 1-6ರಿಂದ 1-3ರವರೆಗೆ ಗೆರೆ ಎಳೆಯಿರಿ.

"ಆ" ಒಂದೇ ಒಂದು, 4-1ರಲ್ಲಿ. ಅದು ಪದದ ಮೊದಲೇ ಆಗಿರಬೇಕು. ಎಡ ಅಂಚಿನಲ್ಲಿದೆ, ಹಾಗಾಗಿ ಎಡಕ್ಕೆ ಹೋಗುವ ಮೂರು ದಿಕ್ಕುಗಳಿಲ್ಲ. ಉಳಿದ ಐದರಲ್ಲಿ ಮೇಲಿನ ಮನೆಯಲ್ಲಿ "ಗುಂ", ಅದರ ಮೇಲೆ "ಬೆ". ಆಗುಂಬೆ ಕೆಳಗಿನಿಂದ ಮೇಲಕ್ಕೆ ಹತ್ತಿದೆ.

ಶಿಕಾರಿಪುರಕ್ಕೆ ಇಂಥ ಅಕ್ಷರ ಇಲ್ಲ. "ಪು" ಎರಡು ಕಡೆ ಇದೆ. 8-2ರ ಅಕ್ಕಪಕ್ಕ "ರಿ" ಇಲ್ಲವೇ ಇಲ್ಲ. 4-8ರ ಕೆಳಗೆ "ರಿ", ಮೇಲೆ "ರ". ಎದುರುಬದುರು ಹೊಂದಿತು. "ರಿ"ಯಿಂದ ಕೆಳಗೆ ಕಾ, ಶಿ. ಬಲ ಅಂಚಿನಲ್ಲಿ 7-8ರಿಂದ 3-8ರವರೆಗೆ ಮೇಲಕ್ಕೆ. ಅಂಚಿನ ಕಂಬಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಒಮ್ಮೆ ಬೇರೆಯಾಗಿ ಓದುವ ಅಭ್ಯಾಸ ಇಟ್ಟುಕೊಳ್ಳಿ. ಅಂಚಿಗೆ ಕಣ್ಣು ಹೋಗುವುದೇ ಕಡಿಮೆ.

ಹಂತ 6: ಓರೆಸಾಲಿಗೆ ಸ್ಕೇಲ್ ಇಡಿ, ವಿಳಾಸ ಕೂಡಿಸಿ ನೋಡಿ

ಓರೆಯಾಗಿ ಓದುವಾಗ ಆಗುವ ದೊಡ್ಡ ತೊಂದರೆ ಅಂದರೆ ಜಾರುವುದು. ಎರಡನೇ ಮನೆವರೆಗೆ ಸರಿಯಾಗಿ ಹೋದ ಕಣ್ಣು ಮೂರನೇ ಹೆಜ್ಜೆಯಲ್ಲಿ ನೆಟ್ಟಗೆ ಕೆಳಕ್ಕೆ ಇಳಿದುಬಿಡುತ್ತದೆ. ಆಗ ಇರುವ ಪದ ತಪ್ಪಿಹೋಗುತ್ತದೆ, ಇಲ್ಲದ ಪದ ಸಿಕ್ಕ ಹಾಗೆ ಕಾಣುತ್ತದೆ. ಸ್ಕೇಲಿನ ಅಂಚನ್ನು ಓರೆಸಾಲಿನ ಅಕ್ಷರಗಳ ಕೆಳಗೆ ತಾಗಿಸಿ ಇಟ್ಟರೆ ಕಣ್ಣು ಜಾರುವುದಿಲ್ಲ.

ಅನುಮಾನ ಬಂದರೆ ವಿಳಾಸದಿಂದ ಪರೀಕ್ಷೆ ಮಾಡಬಹುದು. ಬಲ ಮೇಲಿನಿಂದ ಎಡ ಕೆಳಕ್ಕೆ ವಾಲಿದ ಓರೆಸಾಲಿನಲ್ಲಿ ಎರಡು ಅಂಕೆ ಕೂಡಿಸಿದರೆ ಯಾವಾಗಲೂ ಒಂದೇ ಮೊತ್ತ ಬರುತ್ತದೆ. ಎಡ ಮೇಲಿನಿಂದ ಬಲ ಕೆಳಕ್ಕೆ ವಾಲಿದ್ದರಲ್ಲಿ ಕಳೆದರೆ ಒಂದೇ ಉತ್ತರ. ಭದ್ರಾವತಿಯಲ್ಲಿ 5-1, 6-2, 7-3, 8-4. ಕಳೆದರೆ ಎಲ್ಲ ಕಡೆ 4.

ಈಗ ತೀರ್ಥಹಳ್ಳಿ. "ಳ್ಳಿ" 7-4ರಲ್ಲಿ ಒಂದೇ ಕಡೆ ಇದೆ. ಅದು ಪದದ ಕೊನೆ. ಅದರ ಹಿಂದೆ "ಹ" ಬೇಕು. ಸುತ್ತಿನ ಎಂಟು ಮನೆಗಳಲ್ಲಿ "ಹ" ಇರುವುದು ಬಲ ಮೇಲ್ಮೂಲೆಯಲ್ಲಿ, 6-5. ಅದೇ ಗೆರೆಯಲ್ಲಿ ಮುಂದೆ 5-6ರಲ್ಲಿ "ರ್ಥ", 4-7ರಲ್ಲಿ "ತೀ". ಕೂಡಿಸಿ ನೋಡಿ: 11, 11, 11, 11. ಗೆರೆ ಜಾರಿಲ್ಲ.

ಇದೇ ಓರೆಸಾಲಿಗೆ ಸ್ಕೇಲ್ ಇಟ್ಟು ಎಡ ಕೆಳಗಿನಿಂದ ಓದಿದರೆ ನಿಮಗೆ ಕಾಣುವುದು ನ, ಳ್ಳಿ, ಹ, ರ್ಥ, ತೀ, ರ. ಅಭ್ಯಾಸ ಇಲ್ಲದವರಿಗೆ ಇದು ಬರೀ ಅಕ್ಷರಗಳ ರಾಶಿ. ಹಿಂದಿನ ಹಂತ ನೆನಪಿದ್ದರೆ "ಳ್ಳಿ" ಆದಮೇಲೆ "ಹ" ಬಂದದ್ದೇ ಸಾಕು, ಪದ ಎದುರು ಕಡೆಯಿಂದ ಬರುತ್ತಿದೆ ಅಂತ ಗೊತ್ತಾಗುತ್ತದೆ. ಹಾಗಾಗಿ ಪ್ರತಿ ಓರೆಸಾಲನ್ನೂ ಎರಡು ಕಡೆಯಿಂದ ಓದಿ. ಒಂದು ಕಡೆಯಿಂದ ಓದಿ ಮುಂದೆ ಹೋದರೆ ಅರ್ಧ ಕೆಲಸ ಮಾತ್ರ ಆದ ಹಾಗೆ.

ಸೊರಬಕ್ಕೆ ಗುರುತು "ಸೊ", 5-2ರಲ್ಲಿ ಮಾತ್ರ ಇದೆ. ಪಕ್ಕದಲ್ಲಿ "ರ" ಎರಡಿವೆ. ಎಡ ಕೆಳಗಿನ 6-1ರ "ರ" ಅಂಚಿನಲ್ಲಿದೆ, ಅದರಾಚೆ ಮನೆ ಇಲ್ಲ. ಬಲ ಮೇಲಿನ 4-3ರ "ರ" ಆದಮೇಲೆ 3-4ರಲ್ಲಿ "ಬ". ಮೊತ್ತ 7, 7, 7.

ಹಾಳೆಯನ್ನು ತಲೆಕೆಳಗು ಮಾಡಿ ಓದಿ ಅನ್ನುವ ಸಲಹೆ ಕೆಲವರು ಕೊಡುತ್ತಾರೆ. ಕನ್ನಡಕ್ಕೆ ಅದು ಬೇಡ ಅಂತ ನನ್ನ ಅಭಿಪ್ರಾಯ. ತಲೆಕಟ್ಟು ಕೆಳಗೆ ಹೋಗಿ ಒತ್ತು ಮೇಲೆ ಬಂದರೆ ಅಕ್ಷರವೇ ಗುರುತು ಸಿಗುವುದಿಲ್ಲ. ಹಾಳೆಯನ್ನು ಸ್ವಲ್ಪ ಓರೆ ಮಾಡುವುದು ಮಾತ್ರ ಉಪಯೋಗಕ್ಕೆ ಬರುತ್ತದೆ. ಎಡ ಮೇಲಿನಿಂದ ಬಲ ಕೆಳಕ್ಕೆ ಇಳಿಯುವ ಸಾಲು ಓದಲು ಹಾಳೆಯ ಬಲಭಾಗವನ್ನು ಮೇಲಕ್ಕೆ ತಿರುಗಿಸಿ, ಸಾಲು ಅಡ್ಡಕ್ಕೆ ಬಂದು ನಿಲ್ಲುತ್ತದೆ. ಇನ್ನೊಂದು ಬಗೆಯ ಸಾಲಿಗೆ ಎಡಭಾಗ ಮೇಲಕ್ಕೆ.

ಹಂತ 7: ಹಂಚಿಕೊಂಡ ಮನೆಗಳನ್ನು ಕಪ್ಪು ಮಾಡಬೇಡಿ

ಉಳಿದದ್ದು ಸಾಗರ. ಇದೊಂದು ಕಷ್ಟದ ಪದ. ಮೂರೇ ಮನೆ, ಎಲ್ಲವೂ ಸಾಮಾನ್ಯ ಅಕ್ಷರ. "ಗ" ಮತ್ತು "ರ" ಎಲ್ಲ ಕಡೆ ಚೆಲ್ಲಿವೆ. ಇದ್ದುದರಲ್ಲಿ ಕಡಿಮೆ ಇರುವುದು "ಸಾ", ಮೂರು ಕಡೆ.

3-7ರ ಸುತ್ತ "ಗ" ಇಲ್ಲ. 6-3ರ ಪಕ್ಕದಲ್ಲಿ "ಗ" ಎರಡಿವೆ. ಬಲದ "ಗ" ಆದಮೇಲೆ "ಹ", ಎಡ ಕೆಳಗಿನ "ಗ" ಆದಮೇಲೆ "ಸ". ಎರಡೂ ಮೋಸ. ಉಳಿದದ್ದು 4-5. ಅದರ ಎಡಕ್ಕೆ 4-4ರಲ್ಲಿ "ಗ", 4-3ರಲ್ಲಿ "ರ". ಸಾಗರ ಬಲದಿಂದ ಎಡಕ್ಕೆ ಇದೆ.

ಆದರೆ ಆ "ಗ" ಆಗಲೇ ಹೊಸನಗರಕ್ಕೆ ಸೇರಿದೆ, ಆ "ರ" ಸೊರಬಕ್ಕೆ ಸೇರಿದೆ! ಸಿಕ್ಕ ಪದದ ಅಕ್ಷರಗಳನ್ನು ಗೀಚಿ ಹೊಡೆದುಹಾಕುವ ಅಭ್ಯಾಸ ಇದ್ದವರಿಗೆ ಸಾಗರ ಯಾವತ್ತೂ ಸಿಗುವುದಿಲ್ಲ. ಒಂದು ಮನೆಯನ್ನು ಎರಡು ಮೂರು ಪದ ಹಂಚಿಕೊಳ್ಳಬಹುದು. ಪೆನ್ಸಿಲಿನಿಂದ ತೆಳುವಾಗಿ, ಅಕ್ಷರ ಕಾಣುವ ಹಾಗೆ ಗೆರೆ ಎಳೆಯಿರಿ, ಇಲ್ಲವೇ ಸುತ್ತು ಹಾಕಿ. ಚಿಕ್ಕ ಪದ ಸಿಗದಿದ್ದಾಗ ನಾನು ಮೊದಲು ನೋಡುವುದೇ ಆಗಲೇ ಗೆರೆ ಎಳೆದ ಮನೆಗಳನ್ನು. ಪದಗಳನ್ನು ಒಂದಕ್ಕೊಂದು ಅಡ್ಡ ಹಾಯಿಸುವುದು ಚೌಕ ಮಾಡುವವರಿಗೆ ಇಷ್ಟದ ಕೆಲಸ.

ಹಂತ 8: ಎಲ್ಲ ಮಾಡಿಯೂ ಒಂದು ಪದ ಉಳಿದರೆ

ಮೊದಲು ಕಾಗುಣಿತ ನೋಡಿ. ಪಟ್ಟಿಯಲ್ಲಿ "ತುಂಗಾ" ಅಂತಿದ್ದು ಚೌಕದಲ್ಲಿ "ತುಂ–ಗ" ಇರಬಹುದು. "ಶಿವಮೊಗ್ಗ" ಅಂತಿದ್ದು ಚೌಕದಲ್ಲಿ "ಗ್ಗೆ" ಇರಬಹುದು. ಹ್ರಸ್ವ ದೀರ್ಘದ ವ್ಯತ್ಯಾಸ ಕಣ್ಣಿಗೆ ಬೀಳುವುದೇ ಇಲ್ಲ: ತಿ, ತೀ, ಸೊ, ಸೋ, ಲಿ, ಲೀ. ಪ–ಷ, ಬ–ಭ, ಮ–ಯ, ಥ–ಧ ಇವುಗಳನ್ನು ಸಣ್ಣ ಅಚ್ಚಿನಲ್ಲಿ ಒಂದನ್ನು ಇನ್ನೊಂದು ಅಂತ ಓದುವುದೂ ಸಾಮಾನ್ಯ.

ಆಮೇಲೆ ಅರ್ಧಾಕ್ಷರ. "ಬಸ್", "ಜೋಗ್" ತರಹದ ಪದಗಳ ಕೊನೆಯ "ಸ್", "ಗ್" ಬೇರೆ ಮನೆಯಲ್ಲಿದೆಯಾ, ಹಿಂದಿನ ಅಕ್ಷರದ ಜೊತೆಗೇ ಇದೆಯಾ ಅನ್ನುವುದು ಚೌಕ ಮಾಡಿದವರ ಮೇಲೆ ಹೋಗುತ್ತದೆ. ಅಂಥ ಒಂದು ಪದ ಸಿಕ್ಕರೆ ಉಳಿದ ಪದಗಳಿಗೂ ಅದೇ ನಿಯಮ ಅಂತ ತಿಳಿಯಬಹುದು.

ಇಷ್ಟಾದರೂ ಸಿಗದಿದ್ದರೆ, ಗುರುತಿನ ಅಕ್ಷರ ಚೌಕದಲ್ಲಿ ಎಲ್ಲೆಲ್ಲಿ ಇದೆ ಅಂತ ವಿಳಾಸ ಬರೆದುಕೊಳ್ಳಿ. ಒಂದೊಂದರ ಸುತ್ತಲೂ ಎಂಟು ದಿಕ್ಕು ನೋಡಿ, ನೋಡಿದ್ದಕ್ಕೆ ಗುರುತು ಹಾಕಿ. ಎಲ್ಲ ವಿಳಾಸ ಮುಗಿದು ಎಲ್ಲೂ ಪಕ್ಕದ ಅಕ್ಷರ ಹೊಂದದಿದ್ದರೆ ಆ ಪದ ಚೌಕದಲ್ಲಿ ಇಲ್ಲ. ಅಚ್ಚಿನ ತಪ್ಪಿನಿಂದ ಒಂದು ಅಕ್ಷರ ಬದಲಾಗಿರಬಹುದು. ಹಾಗೆ ಅನ್ನಿಸಿದರೆ ಪದದ ಇನ್ನೊಂದು ಅಕ್ಷರವನ್ನು ಗುರುತು ಮಾಡಿಕೊಂಡು ಒಂದು ಸಲ ಮಾತ್ರ ಹುಡುಕಿ. ಐದಕ್ಕೆ ನಾಲ್ಕು ಅಕ್ಷರ ಒಂದೇ ಗೆರೆಯಲ್ಲಿ ಹೊಂದಿ ಒಂದು ಮಾತ್ರ ಬೇರೆ ಇದ್ದರೆ, ತಪ್ಪು ನಿಮ್ಮದಲ್ಲ, ಅಚ್ಚಿನದು. ಆ ಮನೆಗೆ ಸುತ್ತು ಹಾಕಿ, ಸರಿಯಾದ ಅಕ್ಷರ ಪಕ್ಕದಲ್ಲಿ ಬರೆದು, ಪಟ್ಟಿಯಿಂದ ಪದ ಹೊಡೆದುಹಾಕಿ.